ಟ್ರ್ಯಾಶ್ ಖಾಲಿ ಮಾಡಿದರೂ ಉಳಿಯುವ ಆಧಾರ್ ಪ್ರತಿ: ಡ್ರೈವ್‌ನಿಂದ ಒಂದು ಫೈಲನ್ನು ಪೂರ್ತಿ ಅಳಿಸುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್‌ಗಳು ಇರುವಲ್ಲೆಲ್ಲ ಜೆರಾಕ್ಸ್ ಅಂಗಡಿಗಳೂ ಇವೆ. ಜೆರಾಕ್ಸ್ ಎನ್ನುವುದು ಬೋರ್ಡಿನ ಮೇಲಿನ ಹೆಸರು ಮಾತ್ರ. ನಿಜವಾದ ದಂಧೆ ಸರಕಾರಿ ನೌಕರಿಗೆ ಆನ್‌ಲೈನ್ ಅರ್ಜಿ ತುಂಬುವುದು, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡುವುದು, ಫೋಟೊ ಮತ್ತು ಸಹಿಯನ್ನು ಕೇಳಿದಷ್ಟೇ ಕೆಬಿಗೆ ಇಳಿಸಿಕೊಡುವುದು. ಅಂಥ ಒಂದು ಅಂಗಡಿ ಎಂದುಕೊಳ್ಳಿ. ರಾಣೆಬೆನ್ನೂರು ಕಡೆಯಿಂದ ಓದಲು ಬಂದ ಹುಡುಗನೊಬ್ಬ ಅಲ್ಲಿ ಅರ್ಜಿ ತುಂಬಿಸಿದ. ಕೆಲಸ ಮುಗಿದ ಮೇಲೆ, "ಅಣ್ಣಾರ, ನನ್ನ ಆಧಾರ್ ನಿಮ್ಮ ಕಂಪ್ಯೂಟರ್‌ನ್ಯಾಗ ಇರೂದು ಬ್ಯಾಡ್ರಿ, ತಗದಬಿಡ್ರಿ" ಎಂದು ಕೇಳಿದ. ಅಂಗಡಿಯವ ಅವನ ಕಣ್ಣೆದುರಿಗೇ ಫೈಲಿನ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದ. "ನೋಡ ತಮ್ಮಾ, ಹೋತು."

ಆ ಹೊತ್ತಿಗೆ ಆ ಆಧಾರ್ ಇನ್ನೂ ಎಂಟು ಕಡೆ ಇತ್ತು. ಅಂಗಡಿಯವ ಸುಳ್ಳು ಹೇಳಲಿಲ್ಲ, ಅವನಿಗೆ ಕಂಡಿದ್ದೇ ಅಷ್ಟು. ಆ ಎಂಟು ಕಡೆ ಯಾವುವು, ಯಾವ ಕ್ರಮದಲ್ಲಿ ಅವುಗಳನ್ನು ಖಾಲಿ ಮಾಡಬೇಕು, ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇದೇ ಒಂದು ಫೈಲನ್ನು ಹಿಡಿದು ನೋಡೋಣ.

ಅಂಗಡಿಯ ವ್ಯವಸ್ಥೆ ಹೀಗಿದೆ. ಒಂದೇ ಜಿಮೇಲ್ ಖಾತೆ, ಅದರ ಜೊತೆ ಬರುವ 15 ಜಿಬಿಯ ಉಚಿತ ಗೂಗಲ್ ಡ್ರೈವ್. ಅಂಗಡಿಯ ಕಂಪ್ಯೂಟರಿನಲ್ಲಿ ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್ ಇದೆ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿಗೂ ಅದೇ ಖಾತೆ. ಮಾಲೀಕನ ಫೋನಿನಲ್ಲಿ ಡ್ರೈವ್ ಆ್ಯಪ್. ಕೆಲಸದ ಹುಡುಗನಿಗೆ ತನ್ನದೇ ಬೇರೆ ಖಾತೆ ಇದೆ. `Customer Docs` ಎಂಬ ಫೋಲ್ಡರನ್ನು ಮಾಲೀಕ ಅವನಿಗೆ ಎಡಿಟರ್ ಆಗಿ ಶೇರ್ ಮಾಡಿದ್ದಾನೆ. ಅಭ್ಯರ್ಥಿ ಮೊದಲು ಪೂರ್ತಿ ಹನ್ನೆರಡು ಅಂಕಿ ಕಾಣುವ ಆಧಾರನ್ನು ಸ್ಕ್ಯಾನ್ ಮಾಡಿಸಿದ. ಆಮೇಲೆ ಯಾರೋ ಹೇಳಿದರೆಂದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ. ಅಂಗಡಿಯವ ಅದನ್ನು ಅದೇ ಹೆಸರಿನಲ್ಲಿ, `aadhaar_14.pdf` ಎಂದು, ಹಳೆಯದರ ಮೇಲೆಯೇ ಉಳಿಸಿದ.

ಗೊಂದಲ ಶುರುವಾಗುವುದು ಇಲ್ಲಿಂದಲೇ.

ಹೊಸದರ ಅಡಿಯಲ್ಲಿ ಹಳೆಯದು

ಪಿಡಿಎಫ್, ಫೋಟೊ, ವರ್ಡ್ ಫೈಲುಗಳನ್ನು ಅದೇ ಹೆಸರಿನಲ್ಲಿ ಮತ್ತೆ ಉಳಿಸಿದರೆ ಡ್ರೈವ್ ಹಳೆಯದನ್ನು ಎಸೆಯುವುದಿಲ್ಲ. ಅದನ್ನು ಹಿಂದಿನ ಆವೃತ್ತಿ ಎಂದು ಅದೇ ಫೈಲಿನ ಅಡಿಯಲ್ಲಿ ಇಟ್ಟುಕೊಳ್ಳುತ್ತದೆ. ವೆಬ್‌ನಲ್ಲಿ ಅಪ್‌ಲೋಡ್ ಮಾಡುವಾಗ ಬರುವ "Replace existing file" ಎಂಬ ಆಯ್ಕೆಯ ಅರ್ಥವೂ ಇದೇ. ಹೆಸರಿಗೆ ಬದಲಿ, ಕೆಲಸದಲ್ಲಿ ಪೇರಿಸಿಡುವುದು. ಮಾಸ್ಕ್ ಮಾಡಿದ ಪ್ರತಿಯನ್ನು ತೆರೆದು ನೋಡಿ "ನಂಬರ್ ಕಾಣೂದಿಲ್ಲ, ಚಲೋ ಆತು" ಎಂದುಕೊಂಡರೆ, ಅದರ ಕೆಳಗೆ ಪೂರ್ತಿ ನಂಬರ್ ಇರುವ ಪ್ರತಿ ಹಾಗೇ ಕೂತಿರುತ್ತದೆ. ಫೈಲನ್ನು ತಿದ್ದುವ ಅಧಿಕಾರ ಇರುವ ಯಾರಾದರೂ ಅದನ್ನು ಇಳಿಸಿಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಕೆಲಸದ ಹುಡುಗನಿಗೆ ಆ ಅಧಿಕಾರವಿದೆ.

ನೋಡುವುದು ಸುಲಭ. ಕಂಪ್ಯೂಟರಿನ ಬ್ರೌಸರಿನಲ್ಲಿ `drive.google.com` ತೆರೆದು, ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, `File information` ಒಳಗೆ `Manage versions` ಒತ್ತಬೇಕು. ಮೇಲೆ ಈಗಿನದು, ಕೆಳಗೆ ಹಿಂದಿನವು, ಪ್ರತಿಯೊಂದಕ್ಕೂ ತಾರೀಖು ಮತ್ತು ಅಪ್‌ಲೋಡ್ ಮಾಡಿದವರ ಹೆಸರು. ಹಿಂದಿನದರ ಪಕ್ಕದ ಮೂರು ಚುಕ್ಕಿ ಒತ್ತಿದರೆ `Delete` ಸಿಗುತ್ತದೆ. ಇದು ಟ್ರ್ಯಾಶ್‌ಗೆ ಹೋಗುವುದಿಲ್ಲ, ನೇರ ಹೋಗುತ್ತದೆ. ಹಾಗಾಗಿ ಒತ್ತುವ ಮುಂಚೆ ತಾರೀಖನ್ನು ಎರಡು ಸಲ ನೋಡಿ.

ಹಿಂದಿನ ಆವೃತ್ತಿಗಳು ತಾವಾಗಿಯೇ 30 ದಿನಕ್ಕೆ, ಇಲ್ಲವೇ ಆವೃತ್ತಿಗಳು 100 ದಾಟಿದಾಗ ಹೋಗುತ್ತವೆ ಎಂಬ ನಿಯಮವಿದೆ. ಆದರೆ ಅದೇ ಮೂರು ಚುಕ್ಕಿಯ ಮೆನುವಿನಲ್ಲಿ `Keep forever` ಎಂಬುದೂ ಇದೆ. ಯಾರಾದರೂ ಯಾವತ್ತೋ ಅದಕ್ಕೆ ಟಿಕ್ ಹಾಕಿದ್ದರೆ ಆ ಆವೃತ್ತಿಗೆ 30 ದಿನದ ಲೆಕ್ಕ ಅನ್ವಯಿಸುವುದಿಲ್ಲ.

ಗೂಗಲ್ ಡಾಕ್ಸ್, ಶೀಟ್ಸ್‌ಗಳ ಸಂಗತಿ ಬೇರೆ. ಅಲ್ಲಿ `Version history` ಕಾಣುತ್ತದೆ, ಅದರಿಂದ ಒಂದೇ ಒಂದು ಹಳೆಯ ಆವೃತ್ತಿಯನ್ನು ಆರಿಸಿ ಅಳಿಸಲು ಬರುವುದಿಲ್ಲ. ಗಿರಾಕಿಗಳ ಫೋನ್ ನಂಬರ್, ಪಾಸ್‌ವರ್ಡ್ ಬರೆದಿಟ್ಟ ಶೀಟ್ ಇದ್ದು, ಆ ಕಾಲಮ್ ತೆಗೆದುಹಾಕಿದರೂ ಇತಿಹಾಸದಲ್ಲಿ ಅದು ಉಳಿಯುತ್ತದೆ. ಇದಕ್ಕೆ ಇರುವ ದಾರಿ ಒಂದೇ: `File` ಮೆನುವಿನಿಂದ `Make a copy` ಮಾಡಿ, ಪ್ರತಿಗೆ ಇತಿಹಾಸ ಹೊಸದಾಗಿ ಶುರುವಾಗುತ್ತದೆ, ಆಮೇಲೆ ಮೂಲ ಫೈಲನ್ನೇ ಪೂರ್ತಿ ಅಳಿಸಿ.

ಇಡೀ ಫೈಲೇ ಬೇಡವೆಂದರೆ ಆವೃತ್ತಿಗಳನ್ನು ಒಂದೊಂದಾಗಿ ತೆಗೆಯುತ್ತ ಕೂರಬೇಕಿಲ್ಲ. ಫೈಲು ಶಾಶ್ವತವಾಗಿ ಹೋದಾಗ ಅವೂ ಹೋಗುತ್ತವೆ. ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಮಾತ್ರ ತೆಗೆಯುವಾಗ ಈ ಪಾಠ ಬೇಕು.

ಯಾರ ಫೈಲು ಅದು?

ಅಳಿಸುವ ಮುಂಚೆ ನೋಡಲೇಬೇಕಾದ ಒಂದು ಸಣ್ಣ ಕಾಲಮ್ ಡ್ರೈವ್‌ನಲ್ಲಿದೆ: `Owner`. ಹೆಚ್ಚಿನವರು ಎಡವುವುದು ಇಲ್ಲಿಯೇ.

ಫೋಲ್ಡರ್ ಮಾಲೀಕನದು ಎಂದ ಮಾತ್ರಕ್ಕೆ ಅದರೊಳಗಿನ ಫೈಲುಗಳೆಲ್ಲ ಅವನವು ಆಗುವುದಿಲ್ಲ. ಕೆಲಸದ ಹುಡುಗ ತನ್ನ ಖಾತೆಯಿಂದ ಆ ಫೋಲ್ಡರಿಗೆ ಹಾಕಿದ ಫೈಲಿಗೆ ಅವನೇ ಒಡೆಯ. ಅದು ತುಂಬಿಸುವುದೂ ಅವನ 15 ಜಿಬಿಯನ್ನೇ. ಮಾಲೀಕ ಅದನ್ನು ತೆಗೆದರೆ ಫೋಲ್ಡರಿನಿಂದ ಮರೆಯಾಗುತ್ತದೆ ಅಷ್ಟೆ. ಹುಡುಗನ ಡ್ರೈವ್‌ನಲ್ಲಿ ಜೀವಂತ ಇರುತ್ತದೆ. ಕೆಲವು ಸಲ ಅವನಿಗೂ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅದು ಈಗ ಯಾವ ಫೋಲ್ಡರಿನಲ್ಲೂ ಇಲ್ಲದ ಅನಾಥ ಫೈಲು. ಅಂಥವನ್ನು ಹುಡುಕಲು ಹುಡುಗ ತನ್ನ ಖಾತೆಯ ಡ್ರೈವ್ ಹುಡುಕಾಟದ ಪೆಟ್ಟಿಗೆಯಲ್ಲಿ ಇದನ್ನು ಬರೆಯಬೇಕು:

```
is:unorganized owner:me
```

ಅಳಿಸುವ ಅಧಿಕಾರ ಒಡೆಯನಿಗೆ ಮಾತ್ರ. ಹಾಗಾಗಿ ಕೆಲಸ ಬಿಟ್ಟು ಹೋದ ಹುಡುಗನ ಖಾತೆಯಲ್ಲಿರುವ ಫೈಲುಗಳನ್ನು ಮಾಲೀಕ ಇಲ್ಲಿ ಕೂತು ಏನೂ ಮಾಡಲಾರ. ಅವನು ಹೋಗುವ ಮುಂಚೆಯೇ, ಅವನ ಖಾತೆಯಿಂದ ಅವನ ಕೈಯಲ್ಲೇ ಅಳಿಸಿಸಬೇಕು. ಇನ್ನೂ ಒಳ್ಳೆಯದು ಎಂದರೆ ಅಂಗಡಿಯ ಫೋಲ್ಡರಿಗೆ ಅಂಗಡಿಯ ಖಾತೆಯಿಂದ ಮಾತ್ರ ಅಪ್‌ಲೋಡ್ ಆಗುವಂತೆ ಮೊದಲೇ ಕಟ್ಟು ಮಾಡಿಕೊಳ್ಳುವುದು.

ಇದರ ಜೊತೆಗೇ ಪ್ರತಿ ಮತ್ತು ಶಾರ್ಟ್‌ಕಟ್‌ಗಳ ಮಾತು. ಶಾರ್ಟ್‌ಕಟ್ ಎಂದರೆ ಬರೀ ದಾರಿ ತೋರಿಸುವ ಫಲಕ. ಮೂಲ ಹೋದ ಮೇಲೆ ಅದನ್ನು ಒತ್ತಿದರೆ ಏನೂ ತೆರೆಯುವುದಿಲ್ಲ, ಆದರೆ ಫೈಲಿನ ಹೆಸರು ಮಾತ್ರ ಪಟ್ಟಿಯಲ್ಲಿ ನಿಂತಿರುತ್ತದೆ. ಹೆಸರಿನಲ್ಲೇ ಗಿರಾಕಿಯ ಹೆಸರು, ಫೋನ್ ನಂಬರ್ ಬರೆಯುವ ಚಾಳಿ ಇರುವ ಅಂಗಡಿಗಳಿಗೆ ಇದೂ ಸಣ್ಣ ವಿಷಯವಲ್ಲ. `Make a copy` ಮಾಡಿದ್ದಾದರೆ ಅದು ಪೂರ್ತಿ ಬೇರೆ ಫೈಲು, ಮಾಡಿದವನದ್ದು. ಮೂಲವನ್ನು ಎಷ್ಟು ಅಳಿಸಿದರೂ ಅದಕ್ಕೆ ಏನೂ ಆಗುವುದಿಲ್ಲ, ಮತ್ತು ಅಂಥ ಪ್ರತಿ ಇದೆ ಎಂಬುದು ಮೂಲದ ಒಡೆಯನಿಗೆ ಕಾಣುವುದೂ ಇಲ್ಲ.

ಮೊದಲು ಬಾಗಿಲು ಮುಚ್ಚಿ, ಆಮೇಲೆ ಕಸ ತೆಗೆಯಿರಿ

ಫೈಲನ್ನು ಟ್ರ್ಯಾಶ್‌ಗೆ ಹಾಕಿದ ಮೇಲೂ, ಅದನ್ನು ಶೇರ್ ಮಾಡಿಕೊಂಡವರು ಶಾಶ್ವತವಾಗಿ ಅಳಿಸುವ ತನಕ ನೋಡಬಲ್ಲರು. ಅಂದರೆ ಡಿಲೀಟ್ ಒತ್ತಿ ಮನೆಗೆ ಹೋದ ಅಂಗಡಿಯವನ ಫೈಲಿಗೆ ಇನ್ನು 30 ದಿನ ಬಾಗಿಲು ತೆರೆದೇ ಇದೆ. ಹಾಗಾಗಿ ಮೊದಲ ಹೆಜ್ಜೆ `Share` ತೆರೆದು `General access` ಕೆಳಗಿನ `Anyone with the link` ಅನ್ನು `Restricted` ಮಾಡುವುದು, ಪಟ್ಟಿಯಲ್ಲಿರುವ ಹೆಸರುಗಳನ್ನು ತೆಗೆಯುವುದು. ಆ ಲಿಂಕನ್ನು ಕಾಪಿ ಮಾಡಿ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಲಾಗಿನ್ ಕೇಳಿದರೆ ಬಾಗಿಲು ಮುಚ್ಚಿದೆ. ಫೈಲೇ ತೆರೆದರೆ ಎಲ್ಲೋ ಮೇಲಿನ ಫೋಲ್ಡರಿನಿಂದ ಅನುಮತಿ ಇಳಿದು ಬರುತ್ತಿದೆ, ಆ ಫೋಲ್ಡರಿನ `Share` ನೋಡಬೇಕು.

ಇಷ್ಟಾದ ಮೇಲೆ ಅದೇ ಆಧಾರಿನ ಬೇರೆ ಪ್ರತಿಗಳು ಇದೇ ಡ್ರೈವ್‌ನಲ್ಲಿ ಇವೆಯೇ ಎಂದು ಹುಡುಕಿ. ಡ್ರೈವ್ ಸ್ಕ್ಯಾನ್ ಮಾಡಿದ ಪಿಡಿಎಫ್ ಮತ್ತು ಫೋಟೊಗಳೊಳಗಿನ ಅಕ್ಷರಗಳನ್ನೂ ಓದಿಟ್ಟುಕೊಳ್ಳುತ್ತದೆ. ಫೈಲಿನ ಹೆಸರು `IMG_2041` ಎಂದಿದ್ದರೂ, ಆಧಾರಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವ ಹೆಸರನ್ನು ಹುಡುಕಾಟದಲ್ಲಿ ಬರೆದರೆ ಅದು ಸಿಗುವ ಸಾಧ್ಯತೆ ಬಹಳ. ಸ್ಕ್ಯಾನ್ ಮಸುಕಾಗಿದ್ದರೆ ಸಿಗದಿರಬಹುದು. ಅದಕ್ಕೇ ಆ ದಿನದ ತಾರೀಖಿನ ಫೈಲುಗಳನ್ನು ಕಣ್ಣಿನಿಂದಲೂ ಒಮ್ಮೆ ನೋಡುವುದು ಒಳ್ಳೆಯದು.

ಕಂಪ್ಯೂಟರುಗಳು: ಸತ್ತ ಫೈಲು ಎದ್ದು ಬರುವ ಜಾಗ

ಈಗ ಅಂಗಡಿಯ ಕಂಪ್ಯೂಟರು ಮತ್ತು ಮನೆಯ ಲ್ಯಾಪ್‌ಟಾಪಿಗೆ ಬರೋಣ. ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ, ಯಾವ ರೀತಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೆಳಗೆ ಗಡಿಯಾರದ ಪಕ್ಕ ಇರುವ ಡ್ರೈವ್ ಗುರುತನ್ನು ಒತ್ತಿ, ಗಿಯರ್ ಗುರುತಿನಿಂದ `Preferences` ತೆರೆದರೆ `Stream files` ಅಥವಾ `Mirror files` ಎಂಬುದು ಕಾಣುತ್ತದೆ.

`Mirror files` ಇದ್ದರೆ ಡ್ರೈವ್‌ನಲ್ಲಿರುವ ಪ್ರತಿ ಫೈಲಿನ ನಿಜವಾದ ಪ್ರತಿ ಆ ಕಂಪ್ಯೂಟರಿನ ಡಿಸ್ಕ್ ಮೇಲಿದೆ. `Stream files` ಇದ್ದರೆ ಹೆಸರುಗಳಷ್ಟೇ ಕಾಣುತ್ತವೆ, ತೆರೆದಾಗ ಮಾತ್ರ ಇಳಿಯುತ್ತದೆ. ಹಾಗೆ ಇಳಿದದ್ದು ಸ್ವಲ್ಪ ಕಾಲ `%LOCALAPPDATA%\Google\DriveFS` ಎಂಬ ಫೋಲ್ಡರಿನಲ್ಲಿ, ಗುರುತು ಸಿಗದ ಹೆಸರಿನಲ್ಲಿ ಕೂತಿರುತ್ತದೆ. ಆ ಫೋಲ್ಡರಿಗೆ ಆ್ಯಪ್ ಓಡುತ್ತಿರುವಾಗ ಕೈ ಹಾಕಬೇಡಿ, ಇನ್ನೂ ಅಪ್‌ಲೋಡ್ ಆಗದೆ ಕಾಯುತ್ತಿರುವ ಬೇರೆ ಕೆಲಸವೂ ಅಲ್ಲೇ ಇರಬಹುದು.

ನಮ್ಮ ಅಂಗಡಿಯ ಕಂಪ್ಯೂಟರು, ಮನೆಯ ಲ್ಯಾಪ್‌ಟಾಪು ಎರಡೂ ಮಿರರ್. ಲ್ಯಾಪ್‌ಟಾಪು ಒಂದು ತಿಂಗಳಿಂದ ಕಪಾಟಿನಲ್ಲಿದೆ. ವೆಬ್‌ನಲ್ಲಿ ಫೈಲನ್ನು ಶಾಶ್ವತವಾಗಿ ಅಳಿಸಿದರೂ ಅದರ ಡಿಸ್ಕ್ ಮೇಲಿನ ಪ್ರತಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಅದನ್ನು ಚಾಲೂ ಮಾಡಿ, ನೆಟ್ ಕೊಟ್ಟು, ಡ್ರೈವ್ ಗುರುತು ಎಲ್ಲ ಮುಗಿಯಿತು ಎನ್ನುವ ತನಕ ಬಿಟ್ಟರೆ ಮಾತ್ರ ಪ್ರತಿ ಹೋಗುತ್ತದೆ. ಹಾಗೆ ಹೋಗುವಾಗ ಅದು ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಬಂದು ಕೂತಿರಬಹುದು. ಆದ್ದರಿಂದ ಪ್ರತಿ ಯಂತ್ರದ ಬಿನ್ ತೆರೆದು ಹೆಸರಿನಿಂದ ಹುಡುಕಿಯೇ ನೋಡಬೇಕು.

ಎರಡು ತಪ್ಪುಗಳು ಇಲ್ಲಿ ಪದೇ ಪದೇ ಆಗುತ್ತವೆ. ಮೊದಲನೆಯದು: "ಈ ಕಂಪ್ಯೂಟರಿನಿಂದ ಖಾತೆನ ತಗದರ ಮುಗೀತು" ಎಂದು `Disconnect account` ಒತ್ತುವುದು. ಮಿರರ್ ಮಾಡಿದ ಯಂತ್ರದಲ್ಲಿ ಖಾತೆ ತೆಗೆದರೆ ಫೈಲುಗಳು ಅಲ್ಲೇ, ಸಾಧಾರಣ ಫೈಲುಗಳಾಗಿ ಉಳಿದುಬಿಡುತ್ತವೆ. ಇನ್ನು ಮೇಲೆ ವೆಬ್‌ನಲ್ಲಿ ಏನು ಅಳಿಸಿದರೂ ಅವಕ್ಕೆ ತಾಗುವುದಿಲ್ಲ, ಎಳೆಯುವ ಹಗ್ಗವನ್ನೇ ನೀವು ಕತ್ತರಿಸಿದ್ದೀರಿ. ಹಾಗಾಗಿ ಕ್ರಮ ಹೀಗಿರಲಿ: ಎಲ್ಲ ಯಂತ್ರ ಆನ್‌ಲೈನ್, ಸಿಂಕ್ ಪೂರ್ತಿ, ಆಮೇಲೆ ಅಳಿಸುವುದು, ಮತ್ತೆ ಸಿಂಕ್ ಆಗಲು ಬಿಡುವುದು, ಬೇಕಿದ್ದರೆ ಕೊನೆಗೆ ಖಾತೆ ತೆಗೆಯುವುದು. ಸಿಂಕ್ ನಿಲ್ಲಿಸಿಟ್ಟ ಯಂತ್ರಕ್ಕೂ ಇದೇ ಮಾತು. ಗುರುತಿನ ಮೇಲೆ ಪಾಜ್ ಚಿಹ್ನೆ ಇದ್ದರೆ ಮೊದಲು ಚಾಲೂ ಮಾಡಿ.

ಎರಡನೆಯದು ಇನ್ನೂ ಸೂಕ್ಷ್ಮ. ಅಂಗಡಿಯವನ ಫೈಲು ಡ್ರೈವ್‌ಗೆ ಬರುವ ಮುಂಚೆ ಎಲ್ಲಿತ್ತು? ಸ್ಕ್ಯಾನರಿನಲ್ಲಿ. ವಿಂಡೋಸ್‌ನ `Windows Fax and Scan` ತನ್ನ ಸ್ಕ್ಯಾನುಗಳನ್ನು `Documents` ಒಳಗಿನ `Scanned Documents` ಎಂಬ ಫೋಲ್ಡರಿಗೆ ಸುರಿಯುತ್ತದೆ. ಅಂಗಡಿಯವ ಅಲ್ಲಿಂದ ಡ್ರೈವ್ ಫೋಲ್ಡರಿಗೆ ಕಾಪಿ ಮಾಡುತ್ತಾನೆ, ಕಟ್ ಮಾಡುವುದಿಲ್ಲ. ಹೊಸ ಕಂಪ್ಯೂಟರ್ ಕೊಂಡಾಗ ವಿಂಡೋಸ್ ಸೆಟಪ್ ಮಾಡುತ್ತ "ಮುಂದೆ, ಮುಂದೆ" ಎಂದು ಒತ್ತಿಕೊಂಡು ಹೋದವರ `Documents` ಮತ್ತು `Desktop` ಫೋಲ್ಡರುಗಳು ಎಷ್ಟೋ ಸಲ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ಗೆ ಬ್ಯಾಕಪ್ ಆಗುತ್ತಿರುತ್ತವೆ. ಅಂದರೆ ಗೂಗಲ್ ಡ್ರೈವ್ ಒಂದನ್ನೇ ಬಳಸುತ್ತೇನೆ ಎಂದುಕೊಂಡವನ ಆಧಾರ್ ಸ್ಕ್ಯಾನ್, ಅವನಿಗೆ ಗೊತ್ತಿಲ್ಲದ ಎರಡನೆಯ ಕ್ಲೌಡಿನಲ್ಲೂ ಇದೆ. ಗುರುತು ಹಿಡಿಯುವುದು ಹೀಗೆ: ಫೈಲ್ ಎಕ್ಸ್‌ಪ್ಲೋರರಿನಲ್ಲಿ `Documents` ತೆರೆದು ಮೇಲಿನ ಪಟ್ಟಿಯ ವಿಳಾಸ ನೋಡಿ. ಅದರಲ್ಲಿ `OneDrive` ಎಂಬ ಪದ ಇದ್ದರೆ ಅಲ್ಲಿನದೆಲ್ಲ ಮೇಲೆ ಹೋಗುತ್ತಿದೆ. ಆ ಸ್ಕ್ಯಾನನ್ನು ಅಲ್ಲಿಯೂ ಅಳಿಸಿ, `onedrive.live.com` ತೆರೆದು ಅಲ್ಲಿನ `Recycle bin` ಖಾಲಿ ಮಾಡಬೇಕು. ವೈಯಕ್ತಿಕ ಖಾತೆಯಲ್ಲಿ ಆ ಬಿನ್ ತಾನಾಗಿ ಖಾಲಿಯಾಗುವುದಕ್ಕೆ 30 ದಿನ ಬೇಕು, ಕಚೇರಿ ಅಥವಾ ಕಾಲೇಜಿನ ಖಾತೆಯಾದರೆ ಸಾಮಾನ್ಯವಾಗಿ 93 ದಿನ.

ಫೋನು

ಮಾಸ್ಕ್ ಮಾಡಿದ ಪ್ರತಿ ಬಂದದ್ದು ವಾಟ್ಸಾಪ್‌ನಲ್ಲಿ. ಅಂಗಡಿಯವ ಚಾಟ್‌ನಿಂದ ಸಂದೇಶ ಅಳಿಸಿದರೂ, ಫೈಲನ್ನೂ ಫೋನಿನಿಂದ ತೆಗೆಯಬೇಕೇ ಎಂದು ಕೇಳುವ ಟಿಕ್ ಪೆಟ್ಟಿಗೆಯನ್ನು ಬಿಟ್ಟರೆ ಪಿಡಿಎಫ್ ಉಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದು ಇರುವ ಜಾಗ:

```
Android/media/com.whatsapp/WhatsApp/Media/WhatsApp Documents
```

ಇಲ್ಲಿಂದ ಬೇರೆಯವರಿಗೆ ಕಳಿಸಿದ ಪ್ರತಿಗಳು ಅದರೊಳಗಿನ `Sent` ಫೋಲ್ಡರಿನಲ್ಲಿರುತ್ತವೆ. ಅಂಗಡಿಯವನು ಹುಡುಗನಿಗೆ ಫಾರ್ವರ್ಡ್ ಮಾಡಿದ್ದರೆ ಅಲ್ಲೂ ನೋಡಬೇಕು. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಫೈಲನ್ನು ಇಳಿಸಿಕೊಂಡಿದ್ದರೆ `Downloads` ಫೋಲ್ಡರಿನಲ್ಲಿ ಮತ್ತೊಂದು. ಕಳಿಸಿದ ಅಭ್ಯರ್ಥಿ ತನ್ನ ಕಡೆಯಿಂದ "ಎಲ್ಲರಿಗೂ ಅಳಿಸು" ಮಾಡಬಹುದು, ಆದರೆ ಅದಕ್ಕೆ ಎರಡೂವರೆ ದಿನದಷ್ಟೇ ಅವಕಾಶ, ಮತ್ತು ಕಂಪ್ಯೂಟರಿಗೆ ಆಗಲೇ ಇಳಿಸಿಕೊಂಡ ಪ್ರತಿಯನ್ನು ಅದು ಮುಟ್ಟುವುದಿಲ್ಲ.

ಡ್ರೈವ್ ಆ್ಯಪ್‌ನಲ್ಲಿ `Make available offline` ಮಾಡಿದ ಫೈಲು, ಮೂಲ ಹೋದ ಮೇಲೆ ಫೋನು ಮುಂದಿನ ಸಲ ನೆಟ್‌ಗೆ ಸಿಕ್ಕಾಗ ಹೋಗುತ್ತದೆ. `Download` ಮಾಡಿದ್ದು ಹೋಗುವುದಿಲ್ಲ. ಎರಡೂ ಮೆನುವಿನಲ್ಲಿ ಅಕ್ಕಪಕ್ಕ ಇದ್ದರೂ ಒಂದು ಹಗ್ಗ ಕಟ್ಟಿದ ಪ್ರತಿ, ಇನ್ನೊಂದು ಬಿಟ್ಟ ಪ್ರತಿ. ಫೋನಿನ ಫೈಲ್ಸ್ ಆ್ಯಪ್‌ನಿಂದ ಅಳಿಸಿದರೆ ಅದಕ್ಕೂ ಒಂದು ಟ್ರ್ಯಾಶ್ ಇದೆ, ಗೂಗಲ್‌ನ ಫೈಲ್ಸ್‌ನಲ್ಲಿ 30 ದಿನ.

ಸ್ಕ್ಯಾನರ್ ಕೆಟ್ಟಿದ್ದ ದಿನ ಫೋನಿನ ಕ್ಯಾಮರಾದಿಂದ ಆಧಾರ್ ತೆಗೆದಿದ್ದರೆ? ಆ ಫೋಟೊ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿರಬಹುದು. ಡ್ರೈವ್ ಮತ್ತು ಫೋಟೋಸ್‌ಗೆ ಒಂದೇ 15 ಜಿಬಿ ಆದರೂ, 2019ರ ಜುಲೈನಿಂದ ಅವುಗಳ ನಡುವೆ ಸಿಂಕ್ ಇಲ್ಲ. ಡ್ರೈವ್‌ನಲ್ಲಿ ಅಳಿಸಿದ್ದು ಫೋಟೋಸ್‌ನಲ್ಲಿ ಹೋಗುವುದಿಲ್ಲ. ಬ್ಯಾಕಪ್ ಆದ ಫೋಟೊ ಅಲ್ಲಿನ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಡ್ರೈವ್‌ನ ಎರಡರಷ್ಟು ಎಂದು ನೆನಪಿಟ್ಟುಕೊಳ್ಳಿ.

ಈಗ ಟ್ರ್ಯಾಶ್

ಡ್ರೈವ್‌ನ ಟ್ರ್ಯಾಶ್ ತಾನಾಗಿ ಖಾಲಿಯಾಗತೊಡಗಿದ್ದು 2020ರ ಅಕ್ಟೋಬರ್ 13ರಿಂದ. ಅದಕ್ಕೂ ಮುಂಚೆ ಅದರಲ್ಲಿ ಹಾಕಿದ್ದು ನೀವೇ ತೆಗೆಯುವ ತನಕ ಇರುತ್ತಿತ್ತು, ಹಳೆಯ ರೂಢಿಯವರು ಇವತ್ತಿಗೂ ಅದನ್ನು ಎರಡನೆಯ ಗೋದಾಮಿನಂತೆ ಬಳಸಿ ಪೆಟ್ಟು ತಿನ್ನುವುದುಂಟು. ಈಗ 30 ದಿನ. ಮಾರ್ಚ್ 20ಕ್ಕೆ ಹಾಕಿದ ಆಧಾರ್ ಏಪ್ರಿಲ್ 19ರ ತನಕ ಅಲ್ಲಿರುತ್ತದೆ. ಕಾಯುವ ಅಗತ್ಯವಿಲ್ಲದಿದ್ದರೆ ಹುಡುಕಾಟದ ಪೆಟ್ಟಿಗೆಯಲ್ಲಿ

```
is:trashed aadhaar
```

ಎಂದು ಬರೆದು, ಬಂದ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ `Delete forever` ಒತ್ತಬೇಕು. `Empty trash` ಕಣ್ಮುಚ್ಚಿ ಒತ್ತಬೇಡಿ. ಅಂಗಡಿಯಲ್ಲಿ ಬೇರೆ ಗಿರಾಕಿಯ ಅರ್ಜಿ ತಪ್ಪಿ ಟ್ರ್ಯಾಶ್‌ಗೆ ಬಿದ್ದಿರುವುದು ಗೊತ್ತಾಗುವುದು ಸಾಮಾನ್ಯವಾಗಿ ಅದನ್ನು ಖಾಲಿ ಮಾಡಿದ ಮರುದಿನ.

ಟ್ರ್ಯಾಶ್ ಕೆಲಸವನ್ನು ಇಷ್ಟು ತಡವಾಗಿ ಇಟ್ಟಿದ್ದಕ್ಕೆ ಕಾರಣವಿದೆ. ಅಳಿಸಿದ ಸುದ್ದಿ ಎಲ್ಲ ಯಂತ್ರಗಳಿಗೂ ಮುಟ್ಟಿತೇ ಎಂದು ನೋಡುವಾಗ ಏನಾದರೂ ತಪ್ಪು ಫೈಲು ಹೋಗಿದ್ದು ಕಂಡರೆ, ವಾಪಸ್ ತರುವ ಒಂದೇ ಸುಲಭದ ದಾರಿ ಅದು.

ಅಂಗಡಿಯ ಬದಲು ಕಾಲೇಜು ಅಥವಾ ಕಂಪನಿ ಕೊಟ್ಟ ಗೂಗಲ್ ಖಾತೆಯಾದರೆ ಇಲ್ಲಿಗೂ ಮುಗಿಯುವುದಿಲ್ಲ. ಟ್ರ್ಯಾಶ್‌ನಿಂದ ತೆಗೆದ ಮೇಲೂ ಇನ್ನು 25 ದಿನ ಅಲ್ಲಿನ ಅಡ್ಮಿನ್ ಅದನ್ನು ವಾಪಸ್ ತರಬಲ್ಲ. ಸಂಸ್ಥೆ ದಾಖಲೆ ಕಾಯ್ದಿಡುವ ನಿಯಮ ಹಾಕಿಕೊಂಡಿದ್ದರೆ ಅದಕ್ಕಿಂತಲೂ ಹೆಚ್ಚು ಕಾಲ. ಅದನ್ನು ತಡೆಯುವ ಗುಂಡಿ ನಿಮ್ಮ ಹತ್ತಿರ ಇಲ್ಲ, ಸ್ವಂತ ಕಾಗದಗಳನ್ನು ಅಲ್ಲಿ ಇಡದಿರುವುದೇ ದಾರಿ.

ಬೇರೆ ಕ್ಲೌಡ್‌ಗಳಲ್ಲೂ ಮೇಳ ಇದೇ, ಅಂಕಿ ಸ್ವಲ್ಪ ಬೇರೆ. ಐಕ್ಲೌಡ್ ಡ್ರೈವ್‌ನಲ್ಲಿ 30 ದಿನ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ 30. ಜೊತೆಗೆ ಕಂಪ್ಯೂಟರಿನಲ್ಲಿ `.dropbox.cache` ಎಂಬ ಅಡಗಿದ ಫೋಲ್ಡರಿನಲ್ಲಿ ಮೂರು ದಿನ ಪ್ರತಿ ಉಳಿಯುತ್ತದೆ.

ಕೈಗೆ ಸಿಗದ ಎರಡು ಜಾಗ

ಒಂದು, ಗೂಗಲ್‌ನ ಸರ್ವರುಗಳು. ನೀವು ಅಳಿಸಿದ ಮೇಲೆ ಅವರ ಚಾಲ್ತಿ ವ್ಯವಸ್ಥೆಯಿಂದ ಪೂರ್ತಿ ತೆಗೆಯಲು ಸಾಮಾನ್ಯವಾಗಿ ಸುಮಾರು ಎರಡು ತಿಂಗಳು ಹಿಡಿಯುತ್ತದೆ, ಗೂಢಲಿಪಿಯಲ್ಲಿರುವ ಬ್ಯಾಕಪ್‌ಗಳಲ್ಲಿ ಆರು ತಿಂಗಳ ತನಕ ಇರಬಹುದು ಎಂದು ಗೂಗಲ್ಲೇ ತನ್ನ ನೀತಿಯಲ್ಲಿ ಹೇಳಿದೆ. ಅದು ನಿಮ್ಮ ಖಾತೆಗಾಗಲಿ, ಶೇರ್ ಮಾಡಿಕೊಂಡವರಿಗಾಗಲಿ, ಖಾತೆಯ ಪಾಸ್‌ವರ್ಡ್ ಕದ್ದವನಿಗಾಗಲಿ ಕಾಣುವ ಜಾಗವಲ್ಲ. ಹಾಗಾಗಿ ಅಭ್ಯರ್ಥಿಗೆ ಪ್ರಾಮಾಣಿಕವಾಗಿ ಹೇಳಬಹುದಾದ ಮಾತು "ನಮ್ಮ ಕೈಗೆ ಸಿಗೂವಲ್ಲೆಲ್ಲಾ ಹೋಗೇತಿ, ಗೂಗಲ್‌ನವರ ಬ್ಯಾಕಪ್‌ನಿಂದ ಹೋಗಲಿಕ್ಕೆ ಆರು ತಿಂಗಳ ತನಾ ಬೇಕು" ಎಂಬುದು.

ಇನ್ನೊಂದು ಅಂಗಡಿಯ ಡಿಸ್ಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ರೀಸೈಕಲ್ ಬಿನ್ ಖಾಲಿ ಮಾಡುವುದೆಂದರೆ ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದುಹಾಕಿದಂತೆ, ಪುಟ ಹರಿದಂತಲ್ಲ. ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ರಿಕವರಿ ಸಾಫ್ಟ್‌ವೇರ್‌ಗೆ ಅದು ಸಿಗುತ್ತದೆ. ವಿಂಡೋಸ್‌ನಲ್ಲಿ ಖಾಲಿ ಜಾಗವನ್ನು ಅಳಿಸಿ ಬರೆಯುವ ಆಜ್ಞೆ ಮೊದಲೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಡಿ ಡ್ರೈವ್ ಆದರೆ ಹೀಗೆ ಕೊಡಿ:

```
cipher /w:D:\
```

ಇದು ಇರುವ ಫೈಲುಗಳನ್ನು ಮುಟ್ಟದೆ, ಖಾಲಿ ಜಾಗದ ಮೇಲೆ ಮೂರು ಸಲ ಬರೆದು ಹೋಗುತ್ತದೆ. ದೊಡ್ಡ ಡಿಸ್ಕಿಗೆ ತಾಸುಗಟ್ಟಲೆ ಬೇಕು, ಅಂಗಡಿ ಮುಚ್ಚುವಾಗ ಹಚ್ಚಿ ಹೋಗುವ ಕೆಲಸ. ಕರೆಂಟ್ ಹೋದರೆ ಆ ಡ್ರೈವ್‌ನಲ್ಲಿ ಉಳಿದುಬಿಡುವ `EFSTMPWP` ಎಂಬ ಅಡಗಿದ ಫೋಲ್ಡರನ್ನು ಅಳಿಸಿ, ಮೊದಲಿನಿಂದ ಮತ್ತೆ ಓಡಿಸಬೇಕು.

ಎಸ್‌ಎಸ್‌ಡಿ ಇರುವ ಕಂಪ್ಯೂಟರಿಗೆ ಈ ಆಜ್ಞೆ ತಕ್ಕದ್ದಲ್ಲ. ಎಸ್‌ಎಸ್‌ಡಿ ತನ್ನ ಬರಹವನ್ನು ಎಲ್ಲಿ ಹಾಕಬೇಕೆಂದು ತಾನೇ ನಿರ್ಧರಿಸುತ್ತದೆ, ನೀವು ಮೇಲೆ ಬರೆದದ್ದು ಹಳೆಯ ಜಾಗದ ಮೇಲೇ ಬಿತ್ತು ಎಂಬ ಖಾತ್ರಿ ಇಲ್ಲ, ಡಿಸ್ಕ್ ಸವೆಯುವುದು ಬೇರೆ. ಅಲ್ಲಿ ಕೆಲಸ ಮಾಡುವುದು ಟ್ರಿಮ್ ಎಂಬ ವ್ಯವಸ್ಥೆ: ಅಳಿಸಿದ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕು ತಾನೇ ಅದನ್ನು ಖಾಲಿ ಮಾಡುತ್ತದೆ. ಅದು ಚಾಲೂ ಇದೆಯೇ ಎಂದು ನೋಡಲು:

```
fsutil behavior query DisableDeleteNotify
```

`NTFS` ಎದುರಿಗೆ `0` ಬಂದರೆ ಚಾಲೂ ಇದೆ. ಹೆಸರಿನಲ್ಲಿ `Disable` ಇರುವುದರಿಂದ ಸೊನ್ನೆ ಬಂದಾಗ ಜನ ಗಾಬರಿಯಾಗುತ್ತಾರೆ, ಇಲ್ಲಿ ಸೊನ್ನೆಯೇ ಒಳ್ಳೆಯದು.

ಹೋಯಿತೆಂದು ತಿಳಿಯುವುದು ಹೇಗೆ

ನಿಜವಾದ ಆಧಾರಿನ ಮೇಲೆ ಇದನ್ನೆಲ್ಲ ಮೊದಲ ಸಲ ಪ್ರಯೋಗಿಸುವ ಬದಲು ಒಂದು ಪರೀಕ್ಷೆಯ ಫೈಲು ಬಿಡಿ. ಖಾಲಿ ಹಾಳೆಯ ಮೇಲೆ `ZEBRA771` ಎಂಥದ್ದಾದರೂ ಬೇರೆಲ್ಲೂ ಬರದ ಪದ ದಪ್ಪಗೆ ಬರೆದು, ಗಿರಾಕಿಯ ಕಾಗದ ಬರುವ ದಾರಿಯಲ್ಲೇ ಅದನ್ನೂ ತನ್ನಿ: ಸ್ಕ್ಯಾನ್ ಮಾಡಿ ಅದೇ ಪದದ ಹೆಸರಿನಲ್ಲಿ ಉಳಿಸಿ, ವಾಟ್ಸಾಪ್‌ನಲ್ಲಿ ಕಳಿಸಿ, ಡ್ರೈವ್‌ಗೆ ಹಾಕಿ, ಒಂದು ಸಲ ಅದೇ ಹೆಸರಿನಲ್ಲಿ ಬದಲಿಸಿ, ಕೆಲಸದ ಹುಡುಗನಿಗೆ ತೆರೆಯಲು ಹೇಳಿ, ಆಮೇಲೆ ಎಂದಿನಂತೆ ಡಿಲೀಟ್ ಒತ್ತಿ. ಒಂದು ದಿನ ಬಿಟ್ಟು ಎಲ್ಲ ಕಡೆ ಆ ಪದವನ್ನು ಹುಡುಕಿ: ಡ್ರೈವ್, `is:trashed`, ಹುಡುಗನ ಡ್ರೈವ್, ಎರಡೂ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್, ಒನ್‌ಡ್ರೈವ್, ಫೋನಿನ ಫೈಲ್ಸ್. ಎಲ್ಲೆಲ್ಲಿ ಸಿಕ್ಕಿತೋ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿಯೇ ನಿಮ್ಮ ಅಂಗಡಿಯ ನಕ್ಷೆ. ಸಪ್ತಾಪುರದ ಅಂಗಡಿಗೆ ಎಂಟು ಬಂದಿತು, ನಿಮ್ಮದಕ್ಕೆ ನಾಲ್ಕು ಬರಬಹುದು, ಹನ್ನೊಂದೂ ಬರಬಹುದು.

ಅದನ್ನು ಕೌಂಟರಿನ ಒಳಗಡೆ, ಕಂಪ್ಯೂಟರಿನ ಪಕ್ಕ ಅಂಟಿಸಿಟ್ಟರೆ ಮುಂದಿನ ಗಿರಾಕಿ "ತಗದಬಿಡ್ರಿ" ಎಂದಾಗ ನೆನಪು ಮಾಡಿಕೊಳ್ಳುವ ಕೆಲಸವಿಲ್ಲ. ಮೇಲಿನಿಂದ ಒಂದೊಂದೇ ಗೆರೆ ಹೊಡೆಯುತ್ತ ಬರುವುದು, ಎರಡನೆಯ ಕಂಪ್ಯೂಟರ್ ಮನೆಯಲ್ಲಿದ್ದರೆ ಆ ಒಂದು ಗೆರೆಯನ್ನು ರಾತ್ರಿಗೆ ಬಿಟ್ಟು, ಅಲ್ಲಿಯ ತನಕ "ಹೋತು" ಎನ್ನದಿರುವುದು.